ಡಿಜಿಟಲ್ ಶವರ್, ಟಚ್ ಕನ್ನಡಿ, ಬಚ್ಚಲಿನ ತೇವ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು, ಬಚ್ಚಲುಮನೆ ಹೊಸದು ಮಾಡಿಸುವವರು, ಮಾಡಿಸಿ ಆಮೇಲೆ ತಲೆ ಚಚ್ಚಿಕೊಳ್ಳುವವರು, ಮೂರೂ ಬಗೆಯವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೊಳ್ಳುವ ಮೊದಲು ಬರುವ ಪ್ರಶ್ನೆಗಳು ಮೊದಲಿಗೆ, ಕೆಟ್ಟ ಮೇಲೆ ಬರುವವು ಆಮೇಲೆ. ಹೆಚ್ಚು ಜಾಗ ತೇವಕ್ಕೇ ಹೋಗಿದೆ. ಈ ಸಾಮಾನುಗಳು ಕೆಡುವುದು ಹೆಚ್ಚಾಗಿ ಅದರಿಂದಲೇ.

## ಕೊಳ್ಳುವ ಮೊದಲು

ಡಿಜಿಟಲ್ ಶವರ್ ಅಂದ್ರೆ ಏನು? ಮಾಮೂಲಿ ಡೈವರ್ಟರ್‌ಗಿಂತ ಏನು ಬೇರೆ?

ಮಾಮೂಲಿ ಡೈವರ್ಟರ್‌ನಲ್ಲಿ ಬಿಸಿನೀರು, ತಣ್ಣೀರು ಎರಡೂ ಗೋಡೆಯೊಳಗಿನ ಹಿತ್ತಾಳೆಯ ಬಾಡಿಯಲ್ಲಿ ಸೇರುತ್ತವೆ. ಹದ ಮಾಡುವುದು ನಿಮ್ಮ ಕೈ. ಡಿಜಿಟಲ್ ಶವರ್‌ನಲ್ಲಿ ಈ ಕೆಲಸ ಎರಡು ಕಡೆ ಹಂಚಿಹೋಗಿದೆ. ಗೋಡೆಯ ಮೇಲೆ ನಿಮಗೆ ಕಾಣುವುದು ಬರೀ ಪ್ಯಾನೆಲ್, ಅಂದರೆ ಗುಂಡಿಗಳು ಅಥವಾ ಟಚ್ ಪರದೆ. ಅದರೊಳಗೆ ಒಂದು ಹನಿ ನೀರೂ ಹರಿಯುವುದಿಲ್ಲ. ನೀರು ಬೆರೆಯುವುದು ಬೇರೆಲ್ಲೋ ಕೂತಿರುವ ಮಿಕ್ಸರ್ ಪೆಟ್ಟಿಗೆಯಲ್ಲಿ. ಎರಡಕ್ಕೂ ನಡುವೆ ಕಡಿಮೆ ವೋಲ್ಟೇಜಿನ ಒಂದು ತೆಳು ಕೇಬಲ್ ಓಡುತ್ತದೆ.

ಆ ಪೆಟ್ಟಿಗೆಯೊಳಗೆ ಒಂದು ಚಿಕ್ಕ ಮೋಟರ್ ಬಿಸಿ-ತಣ್ಣಗಿನ ಪ್ರಮಾಣವನ್ನು ಹೊಂದಿಸುತ್ತದೆ. ಹೊರಬರುವ ನೀರಿನ ಬಿಸಿಯನ್ನು ಒಂದು ಸೆನ್ಸರ್ ಅಳೆಯುತ್ತಲೇ ಇರುತ್ತದೆ. ನೀರು ಬಿಡುವುದಕ್ಕೆ, ನಿಲ್ಲಿಸುವುದಕ್ಕೆ ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಇದು ವಾಷಿಂಗ್ ಮಷೀನಿನಲ್ಲಿ ನೀರು ಬಿಡುವಾಗ ಟಕ್ ಅನ್ನುತ್ತದಲ್ಲ, ಅದೇ ಜಾತಿಯದ್ದು.

ಇದರಿಂದ ನಿಜವಾಗಿ ಏನು ಲಾಭ? ಸುಮ್ನೆ ಶೋಕಿನಾ?

ಅರ್ಧ ಶೋಕಿ, ಅರ್ಧ ಕೆಲಸದ್ದು. ಕೆಲಸದ್ದು ಮೊದಲು ಹೇಳುತ್ತೇನೆ.

39 ಡಿಗ್ರಿ ಬೇಕು ಅಂತ ಹೇಳಿದರೆ 39ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರೂ ಸ್ವಲ್ಪದರಲ್ಲೇ ಸರಿಮಾಡಿಕೊಳ್ಳುತ್ತದೆ. ಬೆಂಗಳೂರಿನಂಥ ಕಡೆ ಸೋಲಾರ್ ನೀರು ಇರುವ ಮನೆಗಳಿಗೆ ಇದು ದೊಡ್ಡ ಅನುಕೂಲ. ಬಿಸಿಲು ಜೋರಿದ್ದ ದಿನ ಸೋಲಾರ್ ಟ್ಯಾಂಕಿನ ನೀರು 60 ಡಿಗ್ರಿ ದಾಟಿರುತ್ತದೆ. ಅಷ್ಟು ಬಿಸಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಡಿಜಿಟಲ್ ಶವರ್‌ಗೆ ಗರಿಷ್ಠ ಮಿತಿ ಹಾಕಿಟ್ಟರೆ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ನಾನು ಇದೊಂದಕ್ಕೇ ಅಂಕ ಕೊಡುತ್ತೇನೆ. ನೀರಿನ ಕೆಳಗೆ ನಿಲ್ಲದೆ, ಬಾಗಿಲ ಬಳಿಯಿಂದಲೇ ಶುರು ಮಾಡಬಹುದು ಅನ್ನುವುದೂ ಒಳ್ಳೆಯದೇ.

ಆದರೆ ಬರೀ ಬಿಸಿಯ ಮಿತಿಗೆ ಅಂತಾದರೆ ಕರೆಂಟೇ ಬೇಡದ ಥರ್ಮೊಸ್ಟಾಟಿಕ್ ಮಿಕ್ಸರ್ ಸಿಗುತ್ತದೆ, ಅದೂ ಕಡಿಮೆ ಬೆಲೆಗೆ. ಫೋನಿನಿಂದ ಶವರ್ ಹಾಕುವುದು, ಬಣ್ಣದ ದೀಪ, ಹಾಡು, ಇವೆಲ್ಲ ಶುರುವಿನ ಸಂಭ್ರಮ ಮುಗಿದ ಮೇಲೆ ಯಾರೂ ಮುಟ್ಟುವುದಿಲ್ಲ.

ನಮ್ಮ ಮನೆ ಟ್ಯಾಂಕಿನ ಪ್ರೆಶರ್‌ಗೆ ಇದು ನಡೆಯುತ್ತಾ?

ಪಂಪ್ ಇಲ್ಲದೆ ಹೆಚ್ಚಾಗಿ ನಡೆಯುವುದಿಲ್ಲ. ಲೆಕ್ಕ ಸುಲಭ. ಟ್ಯಾಂಕಿನ ನೀರಿನ ಮಟ್ಟ ಶವರ್‌ಗಿಂತ ಎಷ್ಟು ಮೇಲಿದೆ ನೋಡಿ. ಪ್ರತಿ 10 ಮೀಟರಿಗೆ ಸುಮಾರು 1 ಬಾರ್. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕು 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್. ಬಹಳಷ್ಟು ಡಿಜಿಟಲ್ ವಾಲ್ವ್‌ಗಳು ಕನಿಷ್ಠ 1 ಬಾರ್ ಕೇಳುತ್ತವೆ. ಹಾಗಾಗಿ ಪ್ರೆಶರ್ ಪಂಪ್ ಬೇಕೇ ಬೇಕು. ಅದೂ ಬಿಸಿ, ತಣ್ಣಗೆ ಎರಡೂ ಲೈನಿಗೆ ಸಮನಾಗಿ ಪ್ರೆಶರ್ ಸಿಗುವ ಹಾಗೆ.

ಗೀಸರ್ ಕಡೆಗೂ ಒಮ್ಮೆ ನೋಡಿ. 25 ಲೀಟರ್ ಗೀಸರ್‌ನಲ್ಲಿ 60 ಡಿಗ್ರಿ ನೀರಿದೆ, ನಲ್ಲಿಯ ನೀರು 24 ಡಿಗ್ರಿ, ನಿಮಗೆ 40 ಬೇಕು ಅಂತಿಟ್ಟುಕೊಳ್ಳಿ. ಬೆರೆಸಿದರೆ ಹೆಚ್ಚೆಂದರೆ 56 ಲೀಟರ್ ಸಿಗುತ್ತದೆ. ನಿಮಿಷಕ್ಕೆ 9 ಲೀಟರ್ ಸುರಿಸುವ ಶವರ್ ಅದನ್ನು ಆರು ನಿಮಿಷದಲ್ಲಿ ಮುಗಿಸುತ್ತದೆ. ತಣ್ಣೀರು ಒಳಗೆ ಬಂದು ಬೆರೆಯುವುದರಿಂದ ನಿಜಕ್ಕೂ ಸಿಗುವುದು ಇನ್ನೂ ಕಡಿಮೆ. 3 ಲೀಟರಿನ ಇನ್‌ಸ್ಟಂಟ್ ಗೀಸರ್ ಜೊತೆ ಡಿಜಿಟಲ್ ಶವರ್ ಹಾಕುವ ಯೋಚನೆ ಇದ್ದರೆ ಈಗಲೇ ಬಿಡಿ.

ಕರೆಂಟ್ ಹೋದ್ರೆ ಸೋಪು ಹಚ್ಚಿಕೊಂಡು ನಿಂತಿರಬೇಕಾ?

ಸೊಲೆನಾಯ್ಡ್ ವಾಲ್ವ್ ಕರೆಂಟ್ ಇದ್ದಾಗ ಮಾತ್ರ ತೆರೆದಿರುತ್ತದೆ. ಕರೆಂಟ್ ಹೋದ ಕ್ಷಣ ಒಳಗಿನ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಸುರಕ್ಷತೆಗೆ ಅದು ಸರಿ. ಆದರೆ ನೀರಂತೂ ನಿಲ್ಲುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಮಿಕ್ಸರ್ ಪೆಟ್ಟಿಗೆಯನ್ನು ಆ ಲೈನಿಗೆ ಕೊಡಿಸಿ. ಪ್ರೆಶರ್ ಪಂಪ್ ಕೂಡ ಅದೇ ಲೈನಿನಲ್ಲಿ ಇರಬೇಕು, ಇಲ್ಲದಿದ್ದರೆ ವಾಲ್ವ್ ತೆರೆದರೂ ನೀರು ಬರುವುದಿಲ್ಲ.

ನಮ್ಮ ಕಡೆ ಬಚ್ಚಲಲ್ಲಿ ಬಕೆಟ್ ನಲ್ಲಿ ಇದ್ದೇ ಇರುತ್ತದೆ. ‘ಚೆಂದ ಕಾಣಲ್ಲ’ ಅಂತ ಇಂಟೀರಿಯರ್‌ನವರು ಅದನ್ನು ತೆಗೆಸಲು ಬಂದರೆ ಒಪ್ಪಬೇಡಿ. ಡಿಜಿಟಲ್ ಶವರ್ ಕೈಕೊಟ್ಟ ದಿನ ನಿಮ್ಮ ಸ್ನಾನ ಉಳಿಸುವುದು ಅದೇ.

ಟಚ್ ಕನ್ನಡಿಯೊಳಗೆ ಏನೇನಿರುತ್ತೆ? ಮಾಮೂಲಿ ಕನ್ನಡಿಗೆ ಲೈಟ್ ಹಾಕಿದರೆ ಆಗಲ್ವಾ?

ಬರೀ ಬೆಳಕಿಗಾದರೆ ಆಗುತ್ತದೆ. ಕನ್ನಡಿಯ ಮೇಲೆ ಒಳ್ಳೆ ಲೈಟ್ ಹಾಕಿಸಿ, ಹೊರಗಡೆ ಸ್ವಿಚ್ ಇಟ್ಟುಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ.

ಟಚ್ ಕನ್ನಡಿಯ ಹಿಂದೆ ನಾಲ್ಕು ವಸ್ತು ಇರುತ್ತವೆ. ಅಂಚಿನ ಸುತ್ತ ಎಲ್‌ಇಡಿ ಪಟ್ಟಿ. 230 ವೋಲ್ಟನ್ನು 12ಕ್ಕೆ ಇಳಿಸುವ ಡ್ರೈವರ್. ಗಾಜಿಗೆ ಮಂಜು ಕಟ್ಟದಂತೆ ಬೆಚ್ಚಗಿಡುವ ತೆಳು ಹಾಳೆ, ಅದಕ್ಕೆ ಡೀಮಿಸ್ಟರ್ ಅನ್ನುತ್ತಾರೆ. ಕೊನೆಯದು ಬೆರಳಿನ ಸ್ಪರ್ಶ ಗುರುತಿಸುವ ಪುಟ್ಟ ಸೆನ್ಸರ್ ಬೋರ್ಡ್. ಕನ್ನಡಿಯ ಬೆಳ್ಳಿ ಲೇಪ ಲೋಹವಾದ್ದರಿಂದ ಸೆನ್ಸರ್‌ಗೆ ಅಡ್ಡ ಬರುತ್ತದೆ. ಹಾಗಾಗಿ ಆ ಜಾಗದಲ್ಲಿ ಲೇಪ ಕೆರೆದು, ಬರೀ ಗಾಜಿನ ಹಿಂದೆ ಬೋರ್ಡನ್ನು ಅಂಟಿಸುತ್ತಾರೆ. ಪವರ್ ಗುರುತು ಇರುವ ಆ ಮಬ್ಬು ಚುಕ್ಕೆ ಇದೇ. ಈ ನಾಲ್ಕರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಡೀಮಿಸ್ಟರ್. ಮೊದಲು ಕೆಡುವುದು ಸೆನ್ಸರ್ ಅಥವಾ ಡ್ರೈವರ್.

## ತೇವ ಹೇಗೆ ಕೆಡಿಸುತ್ತದೆ

ನೀರೇ ಸಿಡಿಯದ ಜಾಗದಲ್ಲಿ ಕನ್ನಡಿ ಹಾಕಿಸಿದ್ದೀವಿ. ಆದ್ರೂ ಒಳಗೆ ನೀರು ಹೇಗೆ ಬಂತು?

ನೀರಾಗಿ ಬರಲಿಲ್ಲ. ಆವಿಯಾಗಿ ಬಂದು ಒಳಗೆ ನೀರಾಯಿತು.

ಗಾಳಿ ಬಿಸಿಯಿದ್ದಷ್ಟೂ ಹೆಚ್ಚು ಆವಿ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ಆವಿ ಹೊರಬಲ್ಲದು. ಅದೇ ಗಾಳಿ 24 ಡಿಗ್ರಿಗೆ ಇಳಿದರೆ 22 ಗ್ರಾಂ ಅಷ್ಟೇ. ಉಳಿದ 8 ಗ್ರಾಂ ಎಲ್ಲಾದರೂ ನೀರಾಗಿ ಕೂರಲೇಬೇಕು. ನಮ್ಮ ಅಪಾರ್ಟ್‌ಮೆಂಟುಗಳ ಸಾಧಾರಣ ಬಚ್ಚಲುಮನೆ 10 ಘನ ಮೀಟರ್ ಇರುತ್ತದೆ. ಅಂದರೆ ಬಿಸಿ ಸ್ನಾನದ ನಂತರ ಕೋಣೆ ತಣ್ಣಗಾಗುವಾಗ ಬರೀ ಗಾಳಿಯಿಂದಲೇ 80 ಗ್ರಾಂ ನೀರು ಹೊರಬೀಳಬಹುದು. ಅದು ಕೂರುವುದು ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ: ಗಾಜು, ಟೈಲ್ಸ್, ಹೊರಗೋಡೆ, ಲೋಹದ ಚೌಕಟ್ಟು.

ಈಗ ಕನ್ನಡಿಯ ಹಿಂದಿನ ಪೆಟ್ಟಿಗೆ ನೋಡಿ. ಲೈಟ್ ಹಾಕಿದಾಗ ಡ್ರೈವರ್ ಬಿಸಿಯಾಗುತ್ತದೆ. ಒಳಗಿನ ಗಾಳಿ ಹಿಗ್ಗಿ ಸಂದಿಗಳಿಂದ ಹೊರಗೆ ಹೋಗುತ್ತದೆ. ಲೈಟ್ ಆರಿಸಿದ ಮೇಲೆ ಅದು ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸ್ನಾನ ಮುಗಿಸಿ, ಲೈಟ್ ಆರಿಸಿ, ಬಾಗಿಲು ಹಾಕಿಕೊಂಡು ನೀವು ಹೊರಬರುವ ಹೊತ್ತಿಗೆ ಅದು ಎಳೆದುಕೊಳ್ಳುವುದು ಎಂಥ ಗಾಳಿ? ಆವಿ ತುಂಬಿದ ಗಾಳಿ. ದಿನಾ ಒಂದು ಉಸಿರು. ಒಳಹೋದ ತೇವ ಅಷ್ಟು ಸುಲಭಕ್ಕೆ ಹೊರಬರುವುದಿಲ್ಲ.

ಬೋರ್ಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಸಾಕು. ಬೆಸುಗೆ ಹಾಕಿದಾಗ ಉಳಿದ ಫ್ಲಕ್ಸ್ ಅನ್ನುವ ರಾಸಾಯನಿಕ ಅದರಲ್ಲಿ ಕರಗುತ್ತದೆ, ನೀರಿನಲ್ಲಿ ಕರೆಂಟ್ ಹರಿಯತೊಡಗುತ್ತದೆ. ಅಕ್ಕಪಕ್ಕದ ಎರಡು ಬೆಸುಗೆ ಬಿಂದುಗಳ ನಡುವೆ ವೋಲ್ಟೇಜ್ ಇದ್ದರೆ ಒಂದು ಕಡೆಯ ಲೋಹ ಕರಗಿ, ಇನ್ನೊಂದು ಕಡೆಯಿಂದ ಕವಲೊಡೆದ ಸಣ್ಣ ಎಳೆಯಾಗಿ ಬೆಳೆಯುತ್ತದೆ. ಆ ಎಳೆ ಎರಡನ್ನೂ ಮುಟ್ಟಿದಾಗ ಶಾರ್ಟ್. ಕೆಲವೊಮ್ಮೆ ಎಳೆಯೇ ಸುಟ್ಟುಹೋಗಿ ಎಲ್ಲ ಸರಿಯಾದ ಹಾಗೆ ಕಾಣುತ್ತದೆ. ‘ಒಂದಿನ ಕೆಟ್ಟಿತ್ತು, ಆಮೇಲೆ ತಾನಾಗೇ ಸರಿಹೋಯ್ತು’ ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಐಪಿ 65 ಅಂತ ಡಬ್ಬದ ಮೇಲೆ ಬರೆದಿದೆಯಲ್ಲ, ಹಾಗಾದ್ರೆ ಅದು ಸುಳ್ಳಾ?

ಸುಳ್ಳಲ್ಲ. ಅದು ಹೇಳುವುದೇ ಬೇರೆ. ಧೂಳು, ನೀರು ಒಳಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವುದು ಐಪಿ ಸಂಖ್ಯೆ. ಅದರ ಎರಡನೇ ಅಂಕಿ ದ್ರವರೂಪದ ನೀರಿನ ಬಗ್ಗೆ. 4 ಅಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರು, 5 ಅಂದರೆ ಪಿಚಕಾರಿಯಂತೆ ಬರುವ ಧಾರೆ, 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸುವುದು. ತಿಂಗಳುಗಟ್ಟಲೆ ಆವಿಯಲ್ಲಿ ಬಿಸಿಯಾಗಿ ತಣ್ಣಗಾಗುವ ಬಗ್ಗೆ ಈ ಸಂಖ್ಯೆ ಏನೂ ಹೇಳುವುದಿಲ್ಲ. ಆವಿ ರಬ್ಬರ್ ಗ್ಯಾಸ್ಕೆಟ್‌ನ ಮೂಲಕವೂ ನಿಧಾನಕ್ಕೆ ದಾಟುತ್ತದೆ.

ಇನ್ನೊಂದು ವಿಚಿತ್ರ ಇದೆ. ಪೂರ್ತಿ ಬಿಗಿಯಾಗಿ ಮುಚ್ಚಿದ ಪ್ಯಾನೆಲ್ ಬಿಸಿಯಾಗಿದ್ದಾಗ ಅದರ ಮೇಲೆ ತಣ್ಣೀರು ಬಿದ್ದರೆ ಒಳಗೆ ಒತ್ತಡ ಇಳಿಯುತ್ತದೆ, ಗ್ಯಾಸ್ಕೆಟ್ ಅಂಚಿನ ನೀರನ್ನೇ ಒಳಗೆ ಹೀರುತ್ತದೆ. ಅದಕ್ಕೇ ಒಳ್ಳೆಯ ಪ್ಯಾನೆಲ್‌ಗಳಲ್ಲಿ ಗಾಳಿ ಬಿಟ್ಟು ನೀರು ತಡೆಯುವ ಒಂದು ಚಿಕ್ಕ ಪೊರೆ ಇಟ್ಟಿರುತ್ತಾರೆ. ಹಿಂಭಾಗದಲ್ಲಿ ಸಣ್ಣ ಬಿಳಿ ಚುಕ್ಕೆಯಂತೆ ಕಾಣುತ್ತದೆ. ಕೂರಿಸುವವರು ಅದರ ಮೇಲೆ ಸಿಲಿಕೋನ್ ಮೆತ್ತಿಬಿಟ್ಟರೆ ಅದು ಇದ್ದೂ ಇಲ್ಲದಂತೆ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ.

ಡೀಮಿಸ್ಟರ್ ಇದೆ. ಆದ್ರೂ ಸ್ನಾನ ಆದ ಮೇಲೆ ಟಚ್ ಕೆಲಸ ಮಾಡಲ್ಲ ಯಾಕೆ?

ಡೀಮಿಸ್ಟರ್ ಹಾಳೆ ಕನ್ನಡಿಯ ನಡುವೆ ಮಾತ್ರ ಇರುತ್ತದೆ, ಮುಖ ಕಾಣುವಷ್ಟು ಜಾಗ. ಟಚ್ ಚುಕ್ಕೆ ಕೆಳಗಿನ ಅಂಚಿನಲ್ಲಿ. ಅದು ತಣ್ಣಗೇ ಇರುತ್ತದೆ, ಮಂಜೆಲ್ಲ ಅಲ್ಲಿ ಕೂರುತ್ತದೆ. ಸೆನ್ಸರ್‌ಗೆ ಬೆರಳು ಗೊತ್ತಾಗುವುದು ವಿದ್ಯುತ್ ಕ್ಷೇತ್ರದಲ್ಲಿ ಆಗುವ ತೀರಾ ಸಣ್ಣ ಬದಲಾವಣೆಯಿಂದ. ನೀರು ಆ ಕ್ಷೇತ್ರದ ಮೇಲೆ ಗಾಳಿಗಿಂತ ಸುಮಾರು 80 ಪಟ್ಟು ಪ್ರಭಾವ ಬೀರುತ್ತದೆ. ಹಾಗಾಗಿ ಹರಡಿದ ನೀರಿನ ಪದರವನ್ನು ಸೆನ್ಸರ್ ದೊಡ್ಡದೊಂದು ಬೆರಳು ಅಂದುಕೊಳ್ಳುತ್ತದೆ. ಇಲ್ಲವೇ ಅದಕ್ಕೇ ಹೊಂದಿಕೊಂಡು ನಿಮ್ಮ ಬೆರಳನ್ನು ಗಮನಿಸುವುದೇ ಇಲ್ಲ. ಟವೆಲಿನಿಂದ ಆ ಚುಕ್ಕೆಯನ್ನು ಮಾತ್ರ ಒರೆಸಿ, ಒಂದರ್ಧ ನಿಮಿಷ ಬಿಟ್ಟು ಮುಟ್ಟಿ. ಕೆಲಸ ಮಾಡಿದರೆ ರಿಪೇರಿ ಏನೂ ಬೇಡ. ಸ್ನಾನಕ್ಕೆ ಹೋಗುವ ಐದು-ಹತ್ತು ನಿಮಿಷ ಮೊದಲೇ ಕನ್ನಡಿಯನ್ನು ಹಾಕಿಟ್ಟರೆ ಗಾಜು ಸ್ವಲ್ಪ ಬೆಚ್ಚಗಾಗಿ ಮಂಜು ಕಡಿಮೆ ಕೂರುತ್ತದೆ.

ರಾತ್ರಿ ಕನ್ನಡಿ ಲೈಟು ತಾನಾಗೇ ಹತ್ತುತ್ತೆ, ಆರುತ್ತೆ. ಮನೆಯವರು ಹೆದರಿದ್ದಾರೆ. ಏನಿದು?

ಹೆದರಬೇಡಿ. ಈ ದೂರು ಮಳೆಗಾಲದಲ್ಲಿ ಜಾಸ್ತಿ. ಮಂಗಳೂರಿನಲ್ಲಿ ಪರಿಚಯದವರ ಮನೆಯಲ್ಲಿ ಇದನ್ನು ಬಿಡಿಸಿದ ಬಗೆ ಹೇಳುತ್ತೇನೆ.

ಅವರ ಫ್ಲ್ಯಾಟಿನ ಕನ್ನಡಿ ಹೊರಗೋಡೆಗೆ ಇತ್ತು. ಜುಲೈನಲ್ಲಿ ಲೈಟು ತಾನಾಗೇ ಹತ್ತಲು ಶುರುವಾಯಿತು. ಎಲೆಕ್ಟ್ರಿಷಿಯನ್ ಬಂದು ಎಂಸಿಬಿ ಇಳಿಸಿ ಮತ್ತೆ ಹಾಕಿದರು, ನಿಂತಿತು. ಆದರೆ ಮರುದಿನ ಮಧ್ಯಾಹ್ನ ಟಚ್ ಮುಟ್ಟಿದರೂ ಹತ್ತಲಿಲ್ಲ. ಸಂಜೆ ಹೊತ್ತಿಗೆ ಸರಿಯಾಯಿತು, ರಾತ್ರಿ ಮತ್ತೆ ಹಳೇ ಕಥೆ. ಬೋರ್ಡ್ ಹೋಗಿದೆ, ಹೊಸ ಕನ್ನಡಿಯೇ ಬೇಕು ಅಂತ ಅವರಿಗೆ ಹೇಳಲಾಗಿತ್ತು.

ಈ ಕಥೆಯಲ್ಲೇ ಸುಳಿವಿದೆ. ಕರೆಂಟ್ ಬಂದ ಕ್ಷಣ ಸೆನ್ಸರ್ ‘ಇದೇ ಖಾಲಿ ಸ್ಥಿತಿ’ ಅಂತ ಒಂದು ಅಳತೆ ತೆಗೆದುಕೊಳ್ಳುತ್ತದೆ. ರಾತ್ರಿ ತೇವ ಇದ್ದಾಗ ಎಂಸಿಬಿ ಹಾಕಿದ್ದರಿಂದ ತೇವವನ್ನೇ ಖಾಲಿ ಅಂದುಕೊಂಡಿತು. ಮಧ್ಯಾಹ್ನ ಸ್ವಲ್ಪ ಒಣಗಿದಾಗ ಅಳತೆ ಕೆಳಗಿಳಿಯಿತು. ಆಗ ಬೆರಳಿಟ್ಟರೂ ಬೇಕಾದ ಮಟ್ಟ ಮುಟ್ಟಲಿಲ್ಲ. ನಿಧಾನಕ್ಕೆ ಸೆನ್ಸರ್ ಹೊಸ ಅಳತೆಗೆ ಹೊಂದಿಕೊಂಡು ಸಂಜೆ ಸರಿಹೋಯಿತು. ಸತ್ತ ಬೋರ್ಡ್ ಹೀಗೆಲ್ಲ ಹೊಂದಿಕೊಳ್ಳುವುದಿಲ್ಲ ಅಲ್ವಾ?

ಮೊದಲು ಮುಂಭಾಗದ ಗಾಜನ್ನು ಒರೆಸಿ ನೋಡಿದೆವು. ವ್ಯತ್ಯಾಸ ಆಗಲಿಲ್ಲ. ಆಮೇಲೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಚುಕ್ಕೆಯ ಸುತ್ತ ಎರಡು-ಮೂರು ನಿಮಿಷ ಹಿಡಿದಾಗ ಆಟ ನಿಂತಿತು. ಅಂದರೆ ತೇವ ಇರುವುದು ಗಾಜಿನ ಹಿಂದೆ. ಎಂಸಿಬಿ ಇಳಿಸಿ, ಕನ್ನಡಿಯನ್ನು ಇಬ್ಬರು ಹಿಡಿದು ಕೊಕ್ಕೆಯಿಂದ ಇಳಿಸಿದೆವು. ಸೆನ್ಸರ್ ಬೋರ್ಡನ್ನು ಎರಡು ಕಡೆ ಅಂಟಿರುವ ಸ್ಪಂಜಿನ ಟೇಪಿನಿಂದ ಅಂಟಿಸಿದ್ದರು. ಟೇಪಿನ ಒಂದು ಮೂಲೆ ಎದ್ದಿತ್ತು. ಸ್ಪಂಜು ನೀರು ಹೀರಿ ಒದ್ದೆಯಾಗಿತ್ತು. ಗಾಜಿಗೂ ಬೋರ್ಡಿಗೂ ನಡುವೆ ತೆಳು ನೀರಿನ ಪದರ ಬೆರಳಿನಿಂದ ಒರೆಸುವಷ್ಟು ಇತ್ತು. ಪಕ್ಕದ ಕನೆಕ್ಟರ್ ಪಿನ್ನಿನಲ್ಲಿ ಹಸಿರು ಕಿಲುಬು ಶುರುವಾಗಿತ್ತು.

ಹಳೇ ಟೇಪು ಕಿತ್ತು, ಬೋರ್ಡನ್ನೂ ಪಿನ್ನುಗಳನ್ನೂ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೃದು ಬ್ರಶ್ಶಿನಿಂದ ತೊಳೆದು, ಫ್ಯಾನಿನ ಕೆಳಗೆ ಪೂರ್ತಿ ಒಣಗಲು ಬಿಟ್ಟೆವು. ಸ್ಪಂಜಲ್ಲದ, ನೀರು ಹೀರದ ಅಕ್ರಿಲಿಕ್ ಟೇಪಿನಿಂದ ಗಾಳಿಗುಳ್ಳೆ ಉಳಿಯದಂತೆ ಮತ್ತೆ ಅಂಟಿಸಿದೆವು. ಹಾಕುವ ಮೊದಲು ಗೋಡೆಯ ಕಡೆ ನೋಡಿದರೆ ವೈರು ಬರುವ ಪೈಪಿನ ಬಾಯಿ ಬಟಾಬಯಲು. ಕೈ ಇಟ್ಟರೆ ತಣ್ಣನೆ ತೇವದ ಗಾಳಿ ಬರುತ್ತಿತ್ತು. ಎಕ್ಸಾಸ್ಟ್ ಫ್ಯಾನ್ ಓಡಿದಾಗಲೆಲ್ಲ ಹೊರಗಿನ ಗಾಳಿ ಆ ಪೈಪಿನಿಂದ ನೇರ ಕನ್ನಡಿಯ ಹಿಂದಕ್ಕೆ ನುಗ್ಗುತ್ತಿತ್ತು. ಬಾಯಿಯನ್ನು ಡಕ್ಟ್ ಸೀಲ್ ಪುಟ್ಟಿಯಿಂದ ಮುಚ್ಚಿದ್ದೇ ಮುಖ್ಯ ರಿಪೇರಿ ಅನ್ನಬಹುದು. ಅದೇ ಕನ್ನಡಿ ಮುಂದೆಯೂ ನಡೆಯಿತು.

ಒಂದು ಎಚ್ಚರಿಕೆ. ಡ್ರೈವರ್ ಪೆಟ್ಟಿಗೆ ಮತ್ತು ಡೀಮಿಸ್ಟರ್ 230 ವೋಲ್ಟಿನವು. ಅವುಗಳನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ. ಬಚ್ಚಲಿನ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದಿದ್ದರೆ ಕನ್ನಡಿಗಿಂತ ಮೊದಲು ಅದನ್ನು ಹಾಕಿಸಿ.

ಶವರ್ ಪ್ಯಾನೆಲ್ ಸ್ನಾನದ ಮಧ್ಯೆ ಸಾಯುತ್ತೆ, ಬೆಳಗ್ಗೆ ನೋಡಿದ್ರೆ ಸರಿಯಾಗಿರುತ್ತೆ. ಎಲ್ಲಿ ಹುಡುಕಬೇಕು?

ಕೇಬಲ್ಲಿನ ತುದಿಗಳಲ್ಲಿ. ಪ್ಯಾನೆಲ್ ಮತ್ತು ಮಿಕ್ಸರ್ ಪೆಟ್ಟಿಗೆ ಕೇಬಲ್ ಮೂಲಕ ಸದಾ ಮಾತಾಡುತ್ತಿರುತ್ತವೆ. ಮಾತು ನಿಂತರೆ ಪೆಟ್ಟಿಗೆ ಸುರಕ್ಷತೆಗೆಂದು ನೀರು ನಿಲ್ಲಿಸುತ್ತದೆ. ಕನೆಕ್ಟರ್ ಪಿನ್ನುಗಳ ಮೇಲೆ ಕಿಲುಬು ಹಿಡಿದಿದ್ದರೆ ಒಣಗಿದಾಗ ಹೇಗೋ ನಡೆಯುತ್ತದೆ, ಆವಿ ತುಂಬಿದಾಗ ಮಾತು ಕಡಿದುಹೋಗುತ್ತದೆ. ಪ್ಯಾನೆಲ್ ಬಿಚ್ಚಿ ಪಿನ್ ನೋಡಿ: ಹೊಳಪು ಹೋಗಿ ಹಸಿರೋ ಕಪ್ಪೋ ಆಗಿದ್ದರೆ ಅದೇ ಕಾರಣ. ಕೇಬಲ್ ಪ್ಯಾನೆಲ್ಲಿಗೆ ಸೇರುವ ಮುನ್ನ ಒಂದು ಸುತ್ತು ಕೆಳಗಿಳಿದು ಮೇಲೆ ಬರುವಂತೆ ಇರಬೇಕು. ಆಗ ಕೇಬಲ್ ಗುಂಟ ಜಾರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ನೇರ ಮೇಲಿನಿಂದ ಇಳಿಸಿದ್ದರೆ ಆ ನೀರು ಪಿನ್ನಿಗೇ ಹೋಗುತ್ತದೆ.

ಒಂದು ವೇಳೆ ಪ್ಯಾನೆಲ್ ಸರಿಯಿದ್ದು, ನೀರು ಮಾತ್ರ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಬಂದರೆ ಅದಕ್ಕೂ ತೇವಕ್ಕೂ ಸಂಬಂಧ ಇಲ್ಲ. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಸೆನ್ಸರ್ ಮೇಲೆ, ವಾಲ್ವಿನ ಬಾಯಿಯಲ್ಲಿ ಕಟ್ಟಿರುತ್ತದೆ. ಒಳಬರುವ ಫಿಲ್ಟರ್ ಜಾಲರಿ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ.

ಕನ್ನಡಿಯ ಅಂಚು ಕಪ್ಪಾಗ್ತಾ ಬರ್ತಿದೆ. ಇದೂ ತೇವನಾ?

ತೇವ ಅರ್ಧ, ನಾವು ಬಳಸುವ ರಾಸಾಯನಿಕ ಇನ್ನರ್ಧ. ಗಾಜಿನ ಹಿಂದಿನ ಬೆಳ್ಳಿಯನ್ನು ಬಣ್ಣದ ಪದರ ಕಾಯುತ್ತದೆ. ಆದರೆ ಗಾಜು ಕತ್ತರಿಸಿದ ಅಂಚಿನಲ್ಲಿ ಬೆಳ್ಳಿ ಬಯಲಾಗಿರುತ್ತದೆ. ಟೈಲ್ಸ್ ತೊಳೆಯುವ ಆಸಿಡ್ಡಿನ ಹೊಗೆ, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಅಂಚಿಗೆ ಇಳಿದರೆ ಅಲ್ಲಿಂದಲೇ ಕಪ್ಪು ಹರಡುತ್ತದೆ. ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ, ಗಾಜಿಗೆ ನೇರ ಸಿಂಪಡಿಸಬೇಡಿ.

ಅಂಟಿಸುವ ಸಿಲಿಕೋನ್ ಕೂಡ ತಪ್ಪಿತಸ್ಥ ಆಗಿರಬಹುದು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಅಗ್ಗದ ಸಿಲಿಕೋನ್ ಗಟ್ಟಿಯಾಗುವಾಗ ವಿನೆಗರ್ ವಾಸನೆ ಬರುತ್ತದೆ. ಅದು ಅಸಿಟಿಕ್ ಆಮ್ಲ. ಬೆಳ್ಳಿಯನ್ನೂ ತಿನ್ನುತ್ತದೆ, ಹತ್ತಿರದ ತಾಮ್ರವನ್ನೂ ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಅಂತ ಕೇಳಿ ತನ್ನಿ.

## ಇನ್ನೂ ಆಳಕ್ಕೆ

ಮಿಕ್ಸರ್ ಪೆಟ್ಟಿಗೆಯನ್ನು ಬಚ್ಚಲ ಫಾಲ್ಸ್ ಸೀಲಿಂಗ್ ಮೇಲೆ ಇಡೋಣ ಅಂತಾರೆ. ಸರಿನಾ?

ಬೇಡ. ಈ ಅಭ್ಯಾಸ ಹೊರದೇಶದ ಚಿತ್ರ ನೋಡಿ ಬಂದದ್ದು. ಡಿಜಿಟಲ್ ಶವರ್ ಹೆಚ್ಚು ಬಳಕೆಯಲ್ಲಿರುವ ಬ್ರಿಟನ್ನಿನಲ್ಲಿ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡುತ್ತಾರೆ. ಆ ಅಟ್ಟ ಬಚ್ಚಲಿನಿಂದ ಬೇರೆಯಾದ, ಗಾಳಿಯಾಡುವ ಜಾಗ. ನಮ್ಮ ಫಾಲ್ಸ್ ಸೀಲಿಂಗ್ ಹಾಗಲ್ಲ. ಬಿಸಿ ಆವಿ ಮೇಲೇರಿ ದೀಪದ ತೂತುಗಳಿಂದ ಒಳಹೋಗಿ ಅಲ್ಲೇ ಉಳಿಯುತ್ತದೆ, ಮೇಲಿನ ಸ್ಲ್ಯಾಬಿಗೆ ತಾಗಿ ಹನಿಯಾಗುತ್ತದೆ. ಇಡೀ ಬಚ್ಚಲಲ್ಲಿ ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ಬಚ್ಚಲಿನ ಗೋಡೆಯ ಆಚೆ ಬದಿಯ ಯುಟಿಲಿಟಿ, ವಾರ್ಡ್‌ರೋಬಿನ ಹಿಂಭಾಗ, ಮಳೆ ತಾಗದ ಡಕ್ಟ್, ಇವು ವಾಸಿ. ಕೈ ಮತ್ತು ಸ್ಪ್ಯಾನರ್ ಹೋಗುವಷ್ಟು ದೊಡ್ಡ ಬಾಗಿಲು ಇರಲಿ. ಬೇರೆ ದಾರಿಯೇ ಇಲ್ಲದೆ ಸೀಲಿಂಗೇ ಆದರೆ ದೀಪದ ತೂತುಗಳನ್ನು ಸೀಲ್ ಮಾಡಿಸಿ, ಪೆಟ್ಟಿಗೆಯ ಕೇಬಲ್ ಬಾಯಿಗಳು ಕೆಳಮುಖವಾಗಿ ಇರುವಂತೆ ಕೂರಿಸಿ.

ಎಕ್ಸಾಸ್ಟ್ ಫ್ಯಾನ್ ಎಷ್ಟು ಹೊತ್ತು ಹಾಕಬೇಕು?

ಸ್ನಾನದ ಜೊತೆಗೆ ಶುರು ಮಾಡಿ, ಮುಗಿದ ಮೇಲೂ 15-20 ನಿಮಿಷ ಬಿಡಿ. ಗೋಡೆ ಒದ್ದೆಯಿರುವವರೆಗೂ ಆವಿ ಏಳುತ್ತಲೇ ಇರುತ್ತದೆ. ಯಾರಿಗೂ ಆರಿಸುವ ನೆನಪಿರುವುದಿಲ್ಲ, ಆದ್ದರಿಂದ ಟೈಮರ್ ಸ್ವಿಚ್ ಹಾಕಿಸಿಬಿಡಿ. ಬಾಗಿಲ ಕೆಳಗೆ ಒಂದೂವರೆ-ಎರಡು ಸೆಂಟಿಮೀಟರ್ ಸಂದಿ ಬೇಕು. ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸದ್ದು ಮಾಡುತ್ತದೆ ಅಷ್ಟೇ. ವೈಪರ್‌ನಿಂದ ಗೋಡೆ, ನೆಲದ ನೀರು ಎಳೆದುಬಿಟ್ಟರೆ ಫ್ಯಾನಿನ ಕೆಲಸ ಅರ್ಧ ಕಡಿಮೆಯಾಗುತ್ತದೆ.

ನಾವು ಕರಾವಳಿಯವರು. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆ, ಫ್ಯಾನ್ ಹಾಕಿ ಏನು ಬಂತು?

ಪ್ರಶ್ನೆ ಸರಿಯಾಗಿದೆ. ಜುಲೈನಲ್ಲಿ ಹೊರಗೆ 27 ಡಿಗ್ರಿ, ತೇವ 90 ಶೇಕಡಾ ಇದ್ದರೆ ಫ್ಯಾನ್ ಕೋಣೆಯನ್ನು ಅದಕ್ಕಿಂತ ಒಣಗಿಸಲಾರದು. ಕರಾವಳಿಯಲ್ಲಿ ಇನ್ನೊಂದು ಕಾಟ ಉಪ್ಪು. ಗಾಳಿಯಲ್ಲಿ ಬಂದ ಉಪ್ಪಿನ ಪುಡಿ ಬೋರ್ಡಿನ ಮೇಲೆ ಕೂತಿರುತ್ತದೆ. ಗಾಳಿಯ ತೇವ 75 ಶೇಕಡಾ ದಾಟಿತೆಂದರೆ ಆ ಉಪ್ಪು ತಾನೇ ನೀರು ಹೀರಿ ದ್ರವವಾಗುತ್ತದೆ. ಮಂಜು ಕಟ್ಟಬೇಕಾಗಿಯೂ ಇಲ್ಲ. ಅಂದರೆ ಇಡೀ ಮಳೆಗಾಲ ಬೋರ್ಡ್ ಉಪ್ಪುನೀರಿನಲ್ಲಿ ಇದ್ದಂತೆ.

ಇಲ್ಲಿ ಉಪಾಯ ಅಂದರೆ ಸ್ವಲ್ಪ ಬಿಸಿ. 27 ಡಿಗ್ರಿಯ ಆ 90 ಶೇಕಡಾ ಗಾಳಿಯನ್ನು ಬರೀ 30 ಡಿಗ್ರಿಗೆ ಏರಿಸಿದರೆ ತೇವದ ಅಂಕಿ ಸುಮಾರು 76ಕ್ಕೆ ಇಳಿಯುತ್ತದೆ. ಇನ್ನೊಂದೆರಡು ಡಿಗ್ರಿ ಏರಿದರೆ ಉಪ್ಪು ಒಣಗಿಯೇ ಇರುತ್ತದೆ. ಹಾಗಾಗಿ ಕರಾವಳಿಯಲ್ಲಿ ನಾನು ಹೇಳುವುದು ಇಷ್ಟು: ಸ್ನಾನದ ನಂತರ ಕನ್ನಡಿಯನ್ನು ಕೂಡಲೇ ಆರಿಸಬೇಡಿ. ಫ್ಯಾನ್ ಓಡುವಷ್ಟೂ ಹೊತ್ತು ಲೈಟ್ ಮತ್ತು ಡೀಮಿಸ್ಟರ್ ಎರಡೂ ಇರಲಿ. ಕೋಣೆಯ ಆವಿ ಹೋದ ಮೇಲೆ ಆರಿಸಿದರೆ ಅದು ತಣ್ಣಗಾಗುತ್ತಾ ಎಳೆದುಕೊಳ್ಳುವ ಗಾಳಿ ಅಷ್ಟು ಒದ್ದೆ ಇರುವುದಿಲ್ಲ. ಕನ್ನಡಿಯನ್ನು ಹೊರಗೋಡೆಗಿಂತ ಒಳಗೋಡೆಗೆ ಹಾಕಿಸುವುದು ಅದಕ್ಕಿಂತಲೂ ಒಳ್ಳೆಯದು, ಒಳಗೋಡೆ ಅಷ್ಟು ತಣ್ಣಗಾಗುವುದಿಲ್ಲ.

ಬೋರ್ಡಿಗೆ ವಾಟರ್‌ಪ್ರೂಫ್ ಕೋಟಿಂಗ್ ಸ್ಪ್ರೇ ಹಾಕಿಬಿಟ್ಟರೆ ಮುಗಿಯಿತಲ್ಲ?

ಮುಗಿಯುವುದಿಲ್ಲ, ಆದರೆ ಸಹಾಯ ಆಗುತ್ತದೆ. ಕನ್ಫಾರ್ಮಲ್ ಕೋಟಿಂಗ್ ಅನ್ನುವ ಅಕ್ರಿಲಿಕ್ ಅಥವಾ ಸಿಲಿಕೋನ್ ಪದರವನ್ನು ಕಾರ್ಖಾನೆಯಲ್ಲೇ ಹಾಕಿದ್ದರೆ ಒಳ್ಳೆಯದು. ಕೊಳ್ಳುವಾಗ ಕೇಳಿ. ಮನೆಯಲ್ಲಿ ಹಾಕುವಾಗ ಎಲ್ಲರೂ ಎಡವುವುದು ತೊಳೆಯುವ ಹಂತದಲ್ಲಿ. ಉಪ್ಪು, ಫ್ಲಕ್ಸ್ ಬೋರ್ಡಿನ ಮೇಲಿದ್ದಾಗಲೇ ಸ್ಪ್ರೇ ಹೊಡೆದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಆವಿ ನಿಧಾನಕ್ಕೆ ಪದರ ದಾಟುತ್ತದೆ, ಒಳಗಿನ ಉಪ್ಪು ಅದನ್ನು ಹಿಡಿದಿಟ್ಟುಕೊಂಡು ಗುಳ್ಳೆ ಎಬ್ಬಿಸುತ್ತದೆ. ಕನೆಕ್ಟರ್ ಪಿನ್ನುಗಳಿಗೆ ಸ್ಪ್ರೇ ಬೀಳದಂತೆ ಟೇಪು ಹಾಕಿ. ಅಲ್ಲಿಗೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸಾಕು.

ವಾರಂಟಿ ಇದೆಯಲ್ಲ, ಯಾಕೆ ಚಿಂತೆ?

ವಾರಂಟಿ ಕಾಗದದಲ್ಲಿ ‘ತುಕ್ಕು’, ‘ನೀರು ಒಳಹೋಗುವಿಕೆ’, ‘ತಪ್ಪು ಅಳವಡಿಕೆ’ ಈ ಮೂರು ಸಾಲು ಹುಡುಕಿ ಓದಿ. ಹೆಚ್ಚಾಗಿ ಇವು ಹೊರಗಿರುತ್ತವೆ. ಕೂರಿಸುವಾಗ ಹಿಂಭಾಗ, ಕೇಬಲ್ ಬಾಯಿ, ಸೀಲ್ ಮಾಡಿದ ರೀತಿ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ.

ಎರಡು ತಿಂಗಳು ಮಗಳ ಮನೆಗೆ ಹೋಗ್ತೀವಿ. ಎಲ್ಲ ಆಫ್ ಮಾಡಿ ಹೋಗೋದಾ, ಆನ್ ಇಡೋದಾ?

ಆಫ್ ಮಾಡಿ. ಬೋರ್ಡಿನ ಮೇಲೆ ಬೆಳೆದು ಶಾರ್ಟ್ ಮಾಡುತ್ತದೆ ಅಂತ ಮೊದಲು ಹೇಳಿದ ಆ ಲೋಹದ ಎಳೆ ಬೆಳೆಯಲು ತೇವದ ಜೊತೆಗೆ ವೋಲ್ಟೇಜೂ ಬೇಕು. ವೋಲ್ಟೇಜ್ ಇಲ್ಲದಿದ್ದರೆ ಸಾಮಾನ್ಯ ಕಿಲುಬು ಮಾತ್ರ, ಅದು ನಿಧಾನದ್ದು. ಶವರ್‌ನ ನೀರಿನ ಲೈನನ್ನೂ ಮುಚ್ಚಿ, ಬಚ್ಚಲ ಬಾಗಿಲು ತೆರೆದಿಟ್ಟು ಹೋಗಿ.

ವಾಪಸ್ ಬಂದ ಕೂಡಲೇ ಎಂಸಿಬಿ ಮೇಲೆತ್ತಬೇಡಿ. ಅಷ್ಟು ದಿನದ ತೇವ ಬೋರ್ಡಿನ ಮೇಲೆ ಕೂತಿರುತ್ತದೆ, ಆಗ ಕರೆಂಟ್ ಕೊಟ್ಟರೆ ಮೊದಲ ದಿನವೇ ಶಾರ್ಟ್ ಆಗುವ ಸಾಧ್ಯತೆ ಹೆಚ್ಚು. ಕಿಟಕಿ ತೆರೆದು ಒಂದು ಹಗಲು ಫ್ಯಾನ್ ಗಾಳಿ ಆಡಲು ಬಿಡಿ. ಮಳೆಗಾಲವಾದರೆ ಹೇರ್ ಡ್ರೈಯರ್‌ನ ಕಡಿಮೆ ಬಿಸಿಯನ್ನು ಕನ್ನಡಿಯ ಅಂಚಿಗೆ, ಪ್ಯಾನೆಲ್ಲಿಗೆ ಸ್ವಲ್ಪ ಹೊತ್ತು ಹಿಡಿಯಿರಿ. ಗಾಜು ಒಣಗಿದೆ ಅಂತ ಖಚಿತವಾದ ಮೇಲೆ ಎಂಸಿಬಿ ಹಾಕಿ, ಟಚ್ ಚುಕ್ಕೆಯನ್ನು ಮುಟ್ಟದೆ ಒಂದು ನಿಮಿಷ ಬಿಡಿ. ಸೆನ್ಸರ್ ತನ್ನ ಅಳತೆ ತೆಗೆದುಕೊಳ್ಳುವುದು ಆಗಲೇ. ಶವರ್‌ನ ಮೊದಲ ನೀರನ್ನು ಎರಡು-ಮೂರು ನಿಮಿಷ ಸುಮ್ನೆ ಹರಿಯಬಿಟ್ಟು, ಬಿಸಿ ಒಂದೇ ಹದಕ್ಕೆ ಬಂದು ನಿಂತ ಮೇಲೆ ಒಳಗೆ ಹೋಗಿ.